ಮಗಳ ಶಾಲೆಗೆ ಬಂದ ಕೊಟೇಶನ್

ಮನೆಗೆ ಬಣ್ಣ ಹೊಡೆಸುವವರಿಗೆ ಆ ಕಂಟ್ರಾಕ್ಟರ್ ಮೊದಲು ಹೇಳುವ ಮೊತ್ತ ಬಹಳ ಮುದ್ದಾಗಿರುತ್ತಿತ್ತು. ಕೇಳಿದವರ ಮುಖ ಅರಳುತ್ತಿತ್ತು, ಬೇರೆ ಕಡೆ ವಿಚಾರಿಸುವ ಮಾತೇ ಬಿಟ್ಟು ಮುಂಗಡ ಕೈಗಿಡುತ್ತಿದ್ದರು. ಕೆಲಸ ಅರ್ಧಕ್ಕೆ ಬಂದು, ಸೋಫಾ ಬೀರುಗಳೆಲ್ಲ ಪ್ಲಾಸ್ಟಿಕ್ ಹಾಳೆ ಹೊದ್ದು ಕೂತು, ಇನ್ನು ಮನೆಯವರು ಹಿಂದೆ ಸರಿಯುವಂತಿಲ್ಲ ಎಂದಾದ ಮೇಲೆ ಒಂದೊಂದೇ ಹೊರಗೆ ಬರುತ್ತಿತ್ತು. ಬಿರುಕು ಮುಚ್ಚುವುದು ಬೇರೆ. ಎರಡನೇ ಸಲ ಪುಟ್ಟಿ ಎಳೆಯುವುದು ಬೇರೆ. ಏಣಿ ಸಾಲದೆ ಸಾರುವೆ ಕಟ್ಟಿದರೆ ಅದು ಬೇರೆ. ಕಿಟಕಿಯ ಒಳಮುಖ ಒಂದಾದರೆ ಹೊರಮುಖ ಇನ್ನೊಂದು. ಇವಕ್ಕೆಲ್ಲ ಅವನು ಇಟ್ಟ ಹೆಸರು ಎಕ್ಸ್‌ಟ್ರಾ ಐಟಂ. ಕೊನೆಯ ಬಿಲ್ಲು ನೋಡಿದರೆ ಮೊದಲು ಹೇಳಿದ್ದರ ಸರಿಯಾಗಿ ಒಂದೂವರೆ ಪಟ್ಟು ಆಗಿರುತ್ತಿತ್ತು.

ಇದರಲ್ಲಿ ಮೋಸ ಇದೆ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಪೂರ್ತಿ ಮೊತ್ತ ಮೊದಲೇ ಹೇಳಿದರೆ ಯಾರು ಕೆಲಸ ಕೊಡುತ್ತಾರೆ ಎನ್ನುವುದು ಅವನ ವಾದ. ತಾನು ಹೀಗಿರುವಾಗ ಲೋಕವೂ ಹೀಗೇ ಇರುತ್ತದೆ ಎಂದು ಬಲವಾಗಿ ನಂಬಿದ್ದ. ಮೊಬೈಲ್ ರಿಪೇರಿಯವನು ಸಾವಿರ ಎಂದರೆ ಇವನು ಸಾವಿರದ ಐನೂರು ಎಂದು ಕೇಳಿಸಿಕೊಳ್ಳುತ್ತಿದ್ದ. ಡಾಕ್ಟರು ಎರಡು ದಿನದಲ್ಲಿ ಜ್ವರ ಬಿಡುತ್ತದೆ ಎಂದರೆ ಮೂರು ದಿನ ರಜೆ ಹಾಕುತ್ತಿದ್ದ. ಬೆನ್ನ ಹಿಂದೆ ಗಿರಾಕಿಗಳು ಅವನನ್ನು 'ಒಂದೂವರೆ' ಎಂದೇ ಕರೆಯುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. 'ಎರಡು' ಎಂದು ಕರೆದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ.

ಅವನ ಹೆಂಡತಿ ಔಷಧದ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಡಬ್ಬಿಯ ಮೇಲೆ ಅಚ್ಚಾದ ಬೆಲೆಗಿಂತ ಒಂದು ಕಾಸು ಹೆಚ್ಚಿಗೆ ತೆಗೆದುಕೊಂಡರೆ ಕೆಲಸ ಹೋಗುವ ಜಾಗ ಅದು. ಹಾಗಾಗಿ ಅಚ್ಚಾದ ಬೆಲೆಯ ಮೇಲೆ ಅವಳಿಗೆ ಭಕ್ತಿ. ಇಬ್ಬರೂ ಹನ್ನೆರಡು ವರ್ಷ ಒಂದೇ ಸೂರಿನಡಿ ಹೇಗೆ ಸಂಸಾರ ಮಾಡಿದರು ಎಂದು ಕೇಳಿದರೆ, ಮನೆಯ ಲೆಕ್ಕ ಅವಳ ಕೈಯಲ್ಲಿತ್ತು, ಅಷ್ಟೇ ಗುಟ್ಟು.

ಈಗ ಅವರ ಒಬ್ಬಳೇ ಮಗಳು ಐದನೇ ತರಗತಿ ಮುಗಿಸಿದ್ದಳು. ಅವಳು ಓದುತ್ತಿದ್ದ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಆರನೆಯದಕ್ಕೆ ಹೊಸ ಶಾಲೆ ನೋಡಲೇಬೇಕು. ಊಟದ ಮೇಜಿನ ಮೇಲಿನ ತಟ್ಟೆಗಳನ್ನು ಆಚೆ ಸರಿಸಿ ಹೆಂಡತಿ ಮಾತು ಶುರು ಮಾಡಿದಳು.

"ತಿಂಗಳಿಗೆ ಎಂಟು ಸಾವಿರ. ವರ್ಷಕ್ಕೆ ತೊಂಬತ್ತಾರು. ಮನೆ ಸಾಲದ ಕಂತು, ನಿಮ್ಮ ಅಮ್ಮನ ಮಾತ್ರೆ, ದಿನಸಿ, ಎಲ್ಲಾ ಕಳೆದ ಮೇಲೆ ಉಳಿಯೋದು ಇಷ್ಟೇ. ಫೀಸು, ಟ್ಯೂಷನ್ನು, ಓಡಾಟ, ಅವಳ ಆಟ, ಬಟ್ಟೆ, ಪುಸ್ತಕ, ಎಲ್ಲಾ ಇದರೊಳಗೇ ಬರ್ಬೇಕು."

"ಸ್ವಲ್ಪ ಆಚೆ ಈಚೆ ಆದ್ರೆ?" ಎಂದ ಕಂಟ್ರಾಕ್ಟರ್.

"ಈಚೆ ಆಗ್ಬಹುದು. ಆಚೆ ಆಗೋ ಹಾಗಿಲ್ಲ."

ಮಗಳು ಮೇಜಿನ ಇನ್ನೊಂದು ತುದಿಯಲ್ಲಿ ಟೇಬಲ್ ಟೆನಿಸ್ ಬ್ಯಾಟಿನ ಮೇಲೆ ಚೆಂಡು ಕುಣಿಸುತ್ತ ಕೂತಿದ್ದಳು. ಎರಡು ವರ್ಷದಿಂದ ಅವಳಿಗೆ ಅದೇ ಗೀಳು. ಕ್ಲಬ್ಬಿಗೆ ತಿಂಗಳಿಗೆ ಸಾವಿರದ ಇನ್ನೂರು ಕಟ್ಟಿ ಕಳಿಸುತ್ತಿದ್ದರು. ತನಗಿಂತ ದೊಡ್ಡ ಹುಡುಗರನ್ನು ಸೋಲಿಸಿ ಬಂದ ದಿನ ಅವಳು ಏನೂ ಹೇಳುತ್ತಿರಲಿಲ್ಲ, ಒಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದಳು. ಕಂಟ್ರಾಕ್ಟರನಿಗೆ ಅದನ್ನು ನೋಡುವುದೇ ಒಂದು ಸುಖ.

ಮೊದಲು ನೋಡಿದ್ದು ಕೆರೆಯ ಆಚೆಯ ಶಾಲೆ. ವರ್ಷಕ್ಕೆ ಮೂವತ್ತು ಸಾವಿರ ಎಂದು ಕೇಳಿ ಕಂಟ್ರಾಕ್ಟರ್ ಅಲ್ಲೇ ಸಹಿ ಹಾಕಲು ಪೆನ್ನು ಹುಡುಕಿದ. ಹೆಂಡತಿ ಹೊರಗೆ ಗೇಟಿನ ಹತ್ತಿರ ನಿಂತು, ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರನ್ನು ವಿಚಾರಿಸಿಕೊಂಡು ಬಂದಳು. ಗಣಿತಕ್ಕೂ ವಿಜ್ಞಾನಕ್ಕೂ ಮೇಷ್ಟ್ರು ನಿಲ್ಲುತ್ತಲೇ ಇಲ್ಲವಂತೆ, ಎಲ್ಲ ಮಕ್ಕಳೂ ಎರಡೂ ವಿಷಯಕ್ಕೆ ಟ್ಯೂಷನ್ನಿಗೆ ಹೋಗುತ್ತಾರಂತೆ. ಒಂದು ವಿಷಯಕ್ಕೆ ತಿಂಗಳಿಗೆ ಒಂದೂವರೆ ಸಾವಿರ. ಹತ್ತು ತಿಂಗಳಿಗೆ ಮೂವತ್ತು ಸಾವಿರ ಅಲ್ಲೇ ಹೋಯಿತು. ವ್ಯಾನಿಗೆ ಹದಿನಾಲ್ಕು ಸಾವಿರ. ಪುಸ್ತಕ ಬಟ್ಟೆಗೆ ಎಂಟು. ಶಾಲೆಯಲ್ಲಿ ಆಟದ ಸೌಕರ್ಯ ಇಲ್ಲ, ಹಾಗಾಗಿ ಕ್ಲಬ್ಬಿಗೆ ಹದಿನಾಲ್ಕು ಸಾವಿರದ ನಾನೂರು ಇದ್ದೇ ಇತ್ತು.

"ತೊಂಬತ್ತಾರು ಸಾವಿರದ ನಾನೂರು," ಎಂದಳು ಹೆಂಡತಿ. "ನಾನೂರು ಆಚೆ. ಜೊತೆಗೆ ಶಾಲೆ, ಟ್ಯೂಷನ್ನು, ಕ್ಲಬ್ಬು ಅಂತ ಮಗು ಮನೆಗೆ ಬರೋದು ಕತ್ತಲಾದ ಮೇಲೆ."

ಎರಡನೆಯದು ಅವರ ಬೀದಿಯಿಂದ ನಡೆದುಹೋಗುವಷ್ಟು ಹತ್ತಿರದ ಹಳೇ ಕಟ್ಟಡದ ಶಾಲೆ. ಒಳಗೆ ಕಾಲಿಟ್ಟ ಕೂಡಲೇ ಕಂಟ್ರಾಕ್ಟರನ ಕಣ್ಣು ಗೋಡೆಯ ಮೇಲೆ ಹೋಯಿತು. ಬಣ್ಣ ಕಂಡು ಆರೇಳು ವರ್ಷವಾದರೂ ಆಗಿರಬೇಕು. ಮಗಳ ಕಣ್ಣು ಬೇರೆ ಕಡೆ ಇತ್ತು. ವರಾಂಡದ ತುದಿಯ ಹಾಲಿನಲ್ಲಿ ಎರಡು ಟೇಬಲ್ ಟೆನಿಸ್ ಟೇಬಲ್ಲುಗಳನ್ನು ಹಾಕಿದ್ದರು, ನಾಲ್ಕು ಮಕ್ಕಳು ಆಡುತ್ತಿದ್ದರು, ಸೀಟಿ ಕೊರಳಿಗೆ ಹಾಕಿಕೊಂಡ ಹೆಂಗಸೊಬ್ಬಳು ಅವರಲ್ಲಿ ಒಬ್ಬನ ಮಣಿಕಟ್ಟು ಹಿಡಿದು ತಿದ್ದುತ್ತಿದ್ದಳು. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತವಳು ಅಲ್ಲಿಂದ ಅಲ್ಲಾಡಲಿಲ್ಲ.

ಕಚೇರಿಯಲ್ಲಿದ್ದ ಗುಮಾಸ್ತರು ದಪ್ಪ ಕನ್ನಡಕದ ಮೇಲಿಂದ ನೋಡಿ ಒಂದೇ ಸಂಖ್ಯೆ ಹೇಳಿದರು. ಎಂಬತ್ತೆಂಟು ಸಾವಿರ. ಮೂರು ಕಂತು. ಪುಸ್ತಕ, ಪರೀಕ್ಷೆ, ಲ್ಯಾಬು, ಸಂಜೆ ಒಂದು ಗಂಟೆ ಓದಿಸುವುದು, ಒಂದು ಆಟ, ಎಲ್ಲ ಅದರಲ್ಲೇ ಸೇರಿತ್ತು. ಯೂನಿಫಾರ್ಮು, ಶೂ ಮಾತ್ರ ಹೊರಗೆ, ಅದಕ್ಕೆ ಐದೂವರೆ ಸಾವಿರ ಆಗಬಹುದು. ಆರನೇ ತರಗತಿಗೆ ಇನ್ನು ಎರಡೇ ಸೀಟು ಉಳಿದಿವೆ, ಶನಿವಾರದೊಳಗೆ ಮೊದಲ ಕಂತು ಮೂವತ್ತು ಸಾವಿರ ಕಟ್ಟಬೇಕು ಎಂದರು.

"ಮತ್ತೆ ಬೇರೆ?" ಎಂದ ಕಂಟ್ರಾಕ್ಟರ್.

"ಬೇರೆ ಏನಿಲ್ಲ."

"ಮಧ್ಯದಲ್ಲಿ ಏನಾದ್ರೂ?"

"ಮಧ್ಯದಲ್ಲೂ ಏನಿಲ್ಲ ಸ್ವಾಮಿ. ಅಷ್ಟೇ."

ಕಂಟ್ರಾಕ್ಟರ್ ಗುಮಾಸ್ತರನ್ನು ಗೌರವದಿಂದ ನೋಡಿದ. ಎಂಥ ಪಳಗಿದ ಮನುಷ್ಯ, ಮುಖದ ಒಂದು ಗೆರೆಯೂ ಅಲ್ಲಾಡುವುದಿಲ್ಲವಲ್ಲ ಎಂದುಕೊಂಡ. ತಲೆಯೊಳಗೆ ಲೆಕ್ಕ ತನ್ನಷ್ಟಕ್ಕೆ ನಡೆದಿತ್ತು. ಎಂಬತ್ತೆಂಟರ ಒಂದೂವರೆ ಪಟ್ಟು, ಒಂದು ಲಕ್ಷದ ಮೂವತ್ತೆರಡು ಸಾವಿರ.

"ಆಗಲ್ಲ," ಎಂದ ಹೊರಗೆ ಬಂದು. "ಬಾಯಲ್ಲೇ ಎಂಬತ್ತೆಂಟು ಅನ್ನೋನು ಕೊನೆಗೆ ಎಷ್ಟು ಕೀಳ್ತಾನೆ ಯೋಚನೆ ಮಾಡು."

"ರೀ, ಎಂಬತ್ತೆಂಟು ಅಂದ್ರೆ ಎಂಬತ್ತೆಂಟು. ಬಟ್ಟೆ ಸೇರಿ ತೊಂಬತ್ತಮೂರೂವರೆ. ವ್ಯಾನಿಲ್ಲ, ಟ್ಯೂಷನ್ನಿಲ್ಲ, ಕ್ಲಬ್ಬಿಲ್ಲ. ನಮ್ಮ ದುಡ್ಡಿನೊಳಗೇ ಇದೆ."

"ನೀನು ಡಬ್ಬಿ ಮೇಲಿನ ಬೆಲೆ ನೋಡೋಳು. ನಿಂಗೆ ವ್ಯಾಪಾರ ಗೊತ್ತಾಗಲ್ಲ ಕಣೇ."

ಅವಳು ಅದಕ್ಕೆ ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡದಿದ್ದರೆ ತಾನು ಗೆದ್ದೆ ಎಂದು ತಿಳಿದುಕೊಳ್ಳುವುದು ಅವನ ಹಳೇ ಚಾಳಿ.

ಮರುದಿನ ಪ್ರೈಮರ್ ಡಬ್ಬ ತರಲು ಹೊರಟವನು ದಾರಿಯಲ್ಲಿದ್ದ ಗಾಜಿನ ಕಟ್ಟಡದ ಶಾಲೆಯೊಂದರ ಮುಂದೆ ಸ್ಕೂಟರ್ ನಿಲ್ಲಿಸಿದ. ಐದು ಅಂತಸ್ತು, ಮುಂಭಾಗ ಪೂರ್ತಿ ನೀಲಿ ಗಾಜು, ಒಳಗೆ ತಣ್ಣನೆ ಗಾಳಿ. ಟೈ ಕಟ್ಟಿದ ತರುಣನೊಬ್ಬ ಅವನನ್ನು ಮೆತ್ತನೆ ಕುರ್ಚಿಯಲ್ಲಿ ಕೂರಿಸಿ, ತಣ್ಣೀರು ಕೊಟ್ಟು, 'ಸರ್' ಎಂದು ಕರೆದ. ಕೈಗೂ ಅಂಗಿಗೂ ಸುಣ್ಣದ ಪುಡಿ ಮೆತ್ತಿಕೊಂಡಿದ್ದವನನ್ನು ಅಲ್ಲಿಯವರೆಗೆ ಯಾರೂ ಅಷ್ಟು ಸಲ 'ಸರ್' ಎಂದಿರಲಿಲ್ಲ.

"ಬೋಧನಾ ಶುಲ್ಕ ವರ್ಷಕ್ಕೆ ಐವತ್ತಾರು ಸಾವಿರ ಸರ್. ಇವತ್ತೇ ಹತ್ತು ಸಾವಿರ ಮುಂಗಡ ಕಟ್ಟಿದ್ರೆ ಹತ್ತು ಪರ್ಸೆಂಟ್ ಕಡಿಮೆ. ಐವತ್ತು ಸಾವಿರದ ನಾನೂರು. ನಾಳೆ ಈ ರಿಯಾಯ್ತಿ ಇರಲ್ಲ."

ಇದೇ ಮಾತನ್ನು ಕಂಟ್ರಾಕ್ಟರ್ ಎಷ್ಟು ಮನೆಗಳ ಹೊಸ್ತಿಲಲ್ಲಿ ನಿಂತು ಹೇಳಿಲ್ಲ. ಇವತ್ತು ಹೇಳಿದರೆ ಈ ರೇಟು, ನಾಳೆ ಬಣ್ಣದ ಬೆಲೆ ಏರುತ್ತದೆ. ತನ್ನ ಬಾಣ ತನ್ನ ಕಡೆಗೇ ಬರುತ್ತಿದೆ ಎಂದು ಅವನಿಗೆ ಹೊಳೆಯಬೇಕಿತ್ತು. ಹೊಳೆದದ್ದು ಬೇರೆಯೇ. ಐವತ್ತು ಸಾವಿರದ ನಾನೂರರ ಒಂದೂವರೆ ಪಟ್ಟು ಎಪ್ಪತ್ತೈದು ಸಾವಿರದ ಆರುನೂರು. ಎಲ್ಲ ಎಕ್ಸ್‌ಟ್ರಾ ಸೇರಿಯೂ ಇಪ್ಪತ್ತು ಸಾವಿರ ಉಳಿಯುತ್ತದೆ. ಟೇಬಲ್ ಟೆನಿಸ್ ಇದೆಯೇ ಎಂದು ಕೇಳಿದ. ಆರು ಟೇಬಲ್ ಇವೆ ಸರ್ ಎಂದ ತರುಣ. ಕಂಟ್ರಾಕ್ಟರ್ ಇನ್ನೊಂದು ಐದು ಪರ್ಸೆಂಟಿಗೆ ಚೌಕಾಸಿ ಮಾಡಿ, ಅದು ಗಿಟ್ಟದೆ, ಗಿರಾಕಿಯೊಬ್ಬರು ಬಣ್ಣಕ್ಕೆಂದು ಕೊಟ್ಟಿದ್ದ ಹತ್ತು ಸಾವಿರ ಎಣಿಸಿ ಕೊಟ್ಟ. ಶಾಲೆಗೆಂದು ಎತ್ತಿಟ್ಟಿದ್ದ ಹಣದಿಂದ ಸಂಜೆ ಅದನ್ನು ತುಂಬಿಕೊಂಡರಾಯಿತು ಎಂದುಕೊಂಡ.

ಸಂಜೆ ಮನೆಯಲ್ಲಿ ಅವನು ವಿಷಯ ಹೇಳಿದ ಠೀವಿ ನೋಡಬೇಕಿತ್ತು. ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಶುಲ್ಕ ಪಟ್ಟಿ ಪೂರ್ತಿ ಕೇಳಿದ್ರಾ?"

"ಕೇಳೋದೇನಿದೆ? ನಾನು ಒಂದೂವರೆ ಹಾಕಿದೀನಲ್ಲ."

ಅವಳು ಶಾಲೆಗೆ ಅಲ್ಲೇ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಟೈ ತರುಣನ ಮಧುರ ದನಿ ಒಂದೊಂದೇ ಹೇಳುತ್ತ ಹೋಯಿತು. ಸೇರ್ಪಡೆ ಶುಲ್ಕ, ಒಂದೇ ಸಲ, ಹನ್ನೆರಡು ಸಾವಿರ. ವಾರ್ಷಿಕ ನಿರ್ವಹಣೆ ಎಂಟು. ಪುಸ್ತಕ ಶಾಲೆಯ ಅಂಗಡಿಯಲ್ಲೇ ಕೊಳ್ಳಬೇಕು, ಒಂಬತ್ತೂವರೆ. ಯೂನಿಫಾರ್ಮು ಮೂರು ಜೊತೆ ಮತ್ತು ಕೋಟು, ಎಂಟು ಸಾವಿರದ ಇನ್ನೂರು. ಬಸ್ಸು ತಿಂಗಳಿಗೆ ಸಾವಿರದ ಒಂಬೈನೂರು, ಹನ್ನೊಂದು ತಿಂಗಳು.

"ಶಾಲೆ ನಡೆಯೋದು ಹತ್ತು ತಿಂಗಳಲ್ವಾ?" ಎಂದಳು ಹೆಂಡತಿ.

"ಹೌದು ಮೇಡಂ. ಬಸ್ಸು ರಜೆಯಲ್ಲೂ ನಮ್ಮ ಹತ್ರಾನೇ ಇರುತ್ತಲ್ಲ."

ಟೇಬಲ್ ಟೆನಿಸ್ ಆಡುವುದಕ್ಕೆ ಆರು ಸಾವಿರ. ಆರನೇ ತರಗತಿಯವರಿಗೆ ಗಣಿತದ ವಿಶೇಷ ತರಗತಿ, ಎಲ್ಲರೂ ತೆಗೆದುಕೊಳ್ಳಲೇಬೇಕು, ತಿಂಗಳಿಗೆ ಏಳುನೂರರಂತೆ ಏಳು ಸಾವಿರ. ಹತ್ತು ಪರ್ಸೆಂಟ್ ರಿಯಾಯ್ತಿ ಬೋಧನಾ ಶುಲ್ಕಕ್ಕೆ ಮಾತ್ರ ಮೇಡಂ ಎಂದು ತರುಣ ಕೊನೆಗೆ ಸೇರಿಸಿದ.

ಹೆಂಡತಿ ಫೋನಿಟ್ಟು ಕೂಡಿದಳು. ಒಂದು ಲಕ್ಷದ ಇಪ್ಪತ್ತೆರಡು ಸಾವಿರ.

ಕಂಟ್ರಾಕ್ಟರ್ ತಾನೂ ಒಂದು ಸಲ ಬೆರಳು ಮಡಿಚಿ ಕೂಡಿ ನೋಡಿದ. ಒಂದೂವರೆ ಅಲ್ಲ, ಹೆಚ್ಚುಕಡಿಮೆ ಎರಡೂವರೆ. ತಾನು ಇಪ್ಪತ್ತು ವರ್ಷದಿಂದ ಬೆವರು ಸುರಿಸಿ ಕಲಿತ ವಿದ್ಯೆಯಲ್ಲಿ ಅವರು ಎಲ್ಲೋ ಮುಂದೆ ಹೋಗಿಬಿಟ್ಟಿದ್ದರು. ಹೊಟ್ಟೆ ಉರಿಯುವುದರ ಜೊತೆಗೆ ಸ್ವಲ್ಪ ಮೆಚ್ಚುಗೆಯೂ ಆಯಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ರಜೆಯಲ್ಲೂ ಬಸ್ಸು ನಮ್ಮ ಹತ್ತಿರವೇ ಇರುತ್ತದೆ ಎನ್ನುವ ಮಾತು ತನಗೆ ಯಾಕೆ ಹೊಳೆದಿರಲಿಲ್ಲ ಎಂದು ಒಂದು ಗಳಿಗೆ ಯೋಚಿಸಿದ.

"ಈಗ ಹಳೇ ಕಟ್ಟಡಕ್ಕೆ ಹೋಗೋಣ," ಎಂದ ಮೆಲ್ಲಗೆ.

"ಹೇಗೆ ಹೋಗೋದು? ತೊಂಬತ್ತಮೂರೂವರೆ ಅದಕ್ಕೆ. ನೀವು ನೀರಿಗೆ ಹಾಕಿ ಬಂದಿರೋದು ಹತ್ತು. ನೂರಾ ಮೂರೂವರೆ. ಏಳೂವರೆ ಸಾವಿರ ಎಲ್ಲಿಂದ ತರ್ಲಿ?" ಅವಳ ದನಿ ಏರಲಿಲ್ಲ, ಅದೇ ಕಷ್ಟ. "ಸಾಲ ಅನ್ಬೇಡಿ. ಇರೋ ಸಾಲಕ್ಕೇ ಬಾಗಿ ನಿಂತಿದೀವಿ."

ಅಷ್ಟರಲ್ಲಿ ಮಗಳು ಬಾಯಿ ಬಿಟ್ಟಳು. ಚೆಂಡು ಯಾವಾಗಲೋ ಅವಳ ಅಂಗೈಯಲ್ಲಿ ನಿಂತುಹೋಗಿತ್ತು.

"ಕೆರೆ ಆಚೆ ಶಾಲೆ ಆಗುತ್ತೆ ಅಮ್ಮ. ಕ್ಲಬ್ಬು ಬಿಟ್ರೆ ಎಂಬತ್ತೆರಡು. ಅಪ್ಪ ಕಳೆದಿದ್ದು ಹತ್ತು. ತೊಂಬತ್ತೆರಡು. ನಾಲ್ಕು ಸಾವಿರ ಉಳಿಯುತ್ತೆ."

ಲೆಕ್ಕ ಸರಿಯಾಗಿತ್ತು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಮೇಜಿನ ತುದಿಯಲ್ಲಿ ಕೂತು ತಾನೇ ಕೂಡಿ ಕಳೆದಿದ್ದಳು. ಬ್ಯಾಟನ್ನು ಬಟ್ಟೆಯ ಚೀಲದಲ್ಲಿ ಹಾಕಿ, ದಾರ ಎಳೆದು, ಗಂಟು ಬಿಗಿದು ಒಳಗೆ ಹೋದಳು. ಬೈದಿದ್ದರೆ, ಅತ್ತಿದ್ದರೆ ಕಂಟ್ರಾಕ್ಟರ್ ತಡೆದುಕೊಳ್ಳುತ್ತಿದ್ದ. ಅವಳು ಅವನ ತಪ್ಪನ್ನು ಲೆಕ್ಕದಲ್ಲಿ ಹೊಂದಿಸಿ ಕೊಟ್ಟಿದ್ದಳು, ಅದನ್ನು ಅವನಿಂದ ತಡೆಯಲಾಗಲಿಲ್ಲ.

"ಆ ಹತ್ತು ಸಾವಿರ ನಾನು ತರ್ತೀನಿ," ಎಂದ.

"ಕೊಡ್ತಾರಾ? ನೀವಾಗಿದ್ರೆ ಕೊಡ್ತಿದ್ರಾ?" ಎಂದಳು ಹೆಂಡತಿ.

ಅವನಾಗಿದ್ದರೆ ಕೊಡುತ್ತಿರಲಿಲ್ಲ. ಎರಡು ದಿನ ಆ ಶಾಲೆಯ ಕಡೆ ಹೋಗಲು ಅವನಿಗೆ ಧೈರ್ಯ ಬರಲಿಲ್ಲ.

ಶುಕ್ರವಾರ ಮಗಳನ್ನು ಕ್ಲಬ್ಬಿನಿಂದ ಕರೆದುಕೊಂಡು, ಹಾಗೇ ಗಾಜಿನ ಶಾಲೆಗೆ ಸ್ಕೂಟರ್ ತಿರುಗಿಸಿದ. ಟೈ ತರುಣ ಇವತ್ತು ತಣ್ಣೀರು ಕೊಡಲಿಲ್ಲ. ಹಣ ವಾಪಸ್ ಎನ್ನುವ ಶಬ್ದ ಕೇಳಿದ್ದೇ 'ಸರ್' ಕೂಡ ಬಿದ್ದುಹೋಗಿ, ಮೆಟ್ಟಿಲ ಕಡೆ ಬೆರಳು ತೋರಿಸಿ, ಕೆಳಗಿನ ಅಂತಸ್ತಿನಲ್ಲಿ ಲೆಕ್ಕಪತ್ರ ವಿಭಾಗ, ಅಲ್ಲಿ ವಿಚಾರಿಸಿ ಎಂದ.

ಕೆಳಗಿನ ಅಂತಸ್ತಿನಲ್ಲಿ ಗಾಜೂ ಇರಲಿಲ್ಲ, ತಣ್ಣನೆ ಗಾಳಿಯೂ ಇರಲಿಲ್ಲ. ಒಂದು ಟ್ಯೂಬ್‌ಲೈಟು, ಎರಡು ಕಬ್ಬಿಣದ ಬೀರು, ಕಂಪ್ಯೂಟರಿನ ಹಿಂದೆ ಐವತ್ತು ದಾಟಿದ ಹೆಂಗಸು. ಅವರು ತಲೆ ಎತ್ತಿದರು. ಕಂಟ್ರಾಕ್ಟರನ ಕಾಲು ಬಾಗಿಲಲ್ಲೇ ನಿಂತಿತು.

ಹೋದ ವರ್ಷ ಈ ಅಕೌಂಟೆಂಟ್ ಮೇಡಂ ಮನೆಗೆ ಅವನು ಬಣ್ಣ ಹೊಡೆದಿದ್ದ. ಮನೆ ಪೂರ್ತಿ ಅರವತ್ತು ಸಾವಿರ ಎಂದು ಶುರು ಮಾಡಿ ತೊಂಬತ್ತರ ಹತ್ತಿರ ತಂದು ನಿಲ್ಲಿಸಿದ್ದ. ಕೊನೆಗೆ ಬಾಲ್ಕನಿಯ ಗ್ರಿಲ್ಲಿಗೆ ಬಂದಾಗ, ಅದು ಗೋಡೆ ಅಲ್ಲ ಕಬ್ಬಿಣ, ಹಾಗಾಗಿ ಎಕ್ಸ್‌ಟ್ರಾ, ಎಂಟು ಸಾವಿರ ಎಂದಿದ್ದ. ಅವರು ಕೊಡುವುದಿಲ್ಲ ಎಂದರು. ಇವನು ಗ್ರಿಲ್ಲಿಗೆ ಬಣ್ಣದ ಅಡಿಗೆ ಹಚ್ಚುವ ಕೆಂಪು ಪ್ರೈಮರ್ ಮಾತ್ರ ಬಳಿದು, ಅಷ್ಟಕ್ಕೇ ಬ್ರಷ್ ತೊಳೆದು ಎದ್ದು ಬಂದಿದ್ದ.

"ಬನ್ನಿ. ಕೂತ್ಕೊಳ್ಳಿ," ಎಂದರು ಮೇಡಂ. ಗುರುತು ಸಿಕ್ಕಿತೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. "ಏನಾಗ್ಬೇಕು?"

"ಮುಂಗಡ ವಾಪಸ್ ಬೇಕಿತ್ತು ಮೇಡಂ. ಮಗಳನ್ನ ಬೇರೆ ಕಡೆ ಸೇರಿಸ್ತಾ ಇದೀವಿ."

"ಕಟ್ಟಿ ಎಷ್ಟು ದಿನ ಆಯ್ತು?"

"ಮೂರು ದಿನ."

"ಹದಿನೈದು ದಿನದೊಳಗೆ, ತರಗತಿ ಶುರುವಾಗೋಕೆ ಮೊದಲು ಬಂದ್ರೆ ಸಾವಿರ ಹಿಡ್ಕೊಂಡು ಉಳಿದಿದ್ದು ಕೊಡ್ತೀವಿ. ಒಂದು ಅರ್ಜಿ ಬರೀಬೇಕು, ಕಾರಣ ಹಾಕಿ."

ಇಷ್ಟು ಸಲೀಸಾಗಿ ಬಂದದ್ದು ಅವನಿಗೆ ನಂಬಿಕೆಯಾಗಲಿಲ್ಲ. ಇದರಲ್ಲಿ ಎಲ್ಲೋ ಏನೋ ಇದೆ ಎಂದುಕೊಳ್ಳುತ್ತಲೇ ಬಿಳಿ ಹಾಳೆ ತೆಗೆದುಕೊಂಡು 'ಸ್ವಂತ ಕಾರಣ' ಎಂದು ಬರೆದು ಕೊಟ್ಟ. ಮೇಡಂ ಅದನ್ನು ಓದಿ ವಾಪಸ್ ಕೊಟ್ಟರು.

"ಹೀಗೆ ಬರೆದ್ರೆ ಮೇಲಿನವರು ಒಪ್ಪಲ್ಲ. ಊರು ಬಿಡ್ತಾ ಇದೀರಾ, ಮಗುಗೆ ಹುಷಾರಿಲ್ವಾ, ಶುಲ್ಕದ ತೊಂದ್ರೆನಾ, ಇದ್ದಿದ್ದನ್ನ ಬಿಡಿಸಿ ಬರೀರಿ."

ಕಂಟ್ರಾಕ್ಟರ್ ಪೆನ್ನು ಕಚ್ಚಿದ. ಆಮೇಲೆ ಬರೆದ: 'ಮೊದಲು ಹೇಳಿದ ಮೊತ್ತಕ್ಕೂ ಆಮೇಲೆ ಬಂದ ಮೊತ್ತಕ್ಕೂ ಬಹಳ ವ್ಯತ್ಯಾಸ ಇರುವುದರಿಂದ.'

ಮೇಡಂ ಆ ಸಾಲನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದೇ ಮಾತನ್ನ ನಾನು ಹೋದ ವರ್ಷ ನಿಮ್ಮ ಎದುರು ನಿಂತು ಹೇಳಿದ್ದೆ. ನೆನಪಿದ್ಯಾ?"

"ಇದೆ ಮೇಡಂ."

"ನೀವು ಏನಂದ್ರಿ?"

ಪಕ್ಕದಲ್ಲಿ ಮಗಳು ಬ್ಯಾಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು.

"ಮನೆ ಪೂರ್ತಿ ಅಂದಿದ್ರಿ, ನಮ್ಮ ಬಾಲ್ಕನಿ ಗ್ರಿಲ್ಲು ಇವತ್ತಿಗೂ ಕೆಂಪಗಿದೆ," ಎಂದರು ಮೇಡಂ. "ಬಂದ ನೆಂಟರೆಲ್ಲ ಇನ್ನೂ ಕೆಲಸ ನಡೀತಿದ್ಯಾ ಅಂತ ಕೇಳ್ತಾರೆ."

ಈಗ ಅರ್ಜಿ ಹರಿದು ಹಾಕುತ್ತಾರೆ, ಹರಿದು ಹಾಕಿದರೂ ತಾನು ಏನೂ ಕೇಳುವಂತಿಲ್ಲ ಎಂದುಕೊಂಡ ಕಂಟ್ರಾಕ್ಟರ್. ಮೇಡಂ ಅರ್ಜಿಯ ಮೇಲೆ ಸಹಿ ಹಾಕಿದರು, ಸೀಲು ಒತ್ತಿದರು, ಮೇಲಿನವರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದರು, ಬೀರು ತೆಗೆದು ಒಂಬತ್ತು ಸಾವಿರ ಎಣಿಸಿ ಅವನ ಮುಂದಿಟ್ಟರು.

"ಈ ಶಾಲೆಯವರು ಎಷ್ಟೇ ಸುಲೀಲಿ, ವಾಪಸ್ ಕೊಡೋಕೆ ಒಂದು ನಿಯಮ ಇದೆ. ಅದಕ್ಕೇ ನಿಮ್ಮ ದುಡ್ಡು ನಿಮಗೆ ಬಂತು. ನನಗೆ ಅಂಥ ನಿಯಮ ಇರ್ಲಿಲ್ಲ. ಎಣಿಸ್ಕೊಳ್ಳಿ."

ಅವನು ಎಣಿಸಿಕೊಳ್ಳಲಿಲ್ಲ. ಹಣ ಜೇಬಿಗಿಟ್ಟು, ಕೈ ಮುಗಿದು, ಮೆಟ್ಟಿಲು ಹತ್ತಿ ಹೊರಗೆ ಬಂದ. ಗೆದ್ದು ಬಂದವನಿಗೆ ಇಷ್ಟು ನಾಚಿಕೆ ಆಗುವುದುಂಟೇ ಎಂದು ಅವನಿಗೇ ಆಶ್ಚರ್ಯ.

ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಾಗ ಹಿಂದಿನಿಂದ ಮಗಳು ಕೇಳಿದಳು. "ಅಪ್ಪ, ಅವ್ರ ಗ್ರಿಲ್ಲಿಗೆ ನೀನು ಯಾಕೆ ಬಣ್ಣ ಹಚ್ಚಲಿಲ್ಲ?"

"ಅದು ಎಕ್ಸ್‌ಟ್ರಾ ಮರಿ."

"ಮನೆ ಪೂರ್ತಿ ಅಂತ ಹೇಳಿರ್ಲಿಲ್ವಾ?"

"ಹೇಳಿದ್ದೆ."

"ಗ್ರಿಲ್ಲು ಮನೇದಲ್ವಾ?"

ಸಿಗ್ನಲ್ ಹಸಿರಾಯಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆದರೂ ಅವನಿಗೆ ಹೊರಡುವುದು ಸ್ವಲ್ಪ ತಡವಾಯಿತು.

ಶನಿವಾರ ಬೆಳಿಗ್ಗೆ ಮೂವರೂ ಹಳೇ ಕಟ್ಟಡದ ಶಾಲೆಗೆ ನಡೆದು ಹೋದರು. ಹೆಂಡತಿ ಮತ್ತೊಮ್ಮೆ ಕೂಡಿದ್ದಳು. ಎಂಬತ್ತೆಂಟು, ಐದೂವರೆ, ಗಾಜಿನ ಶಾಲೆ ಹಿಡಿದುಕೊಂಡ ಒಂದು, ಒಟ್ಟು ತೊಂಬತ್ತನಾಲ್ಕೂವರೆ. ಒಂದೂವರೆ ಸಾವಿರ ಈಚೆ. ಗುಮಾಸ್ತರ ಬಳಿ ಇನ್ನು ಒಂದೇ ಸೀಟು ಉಳಿದಿತ್ತು. ಮೂವತ್ತು ಸಾವಿರ ಕಟ್ಟಿ ರಸೀದಿ ಕೈಗೆ ಬಂದ ಮೇಲೂ ಕಂಟ್ರಾಕ್ಟರನಿಗೆ ಅಭ್ಯಾಸ ಬಿಡಲಿಲ್ಲ.

"ಬೇರೆ ಏನೂ ಇಲ್ವಾ ಸ್ವಾಮಿ?"

"ಹೋದ ಸಲಾನೂ ಕೇಳಿದ್ರಿ," ಎಂದರು ಗುಮಾಸ್ತರು. "ನಿಮಗೆ ಅಷ್ಟು ಕೊಡಬೇಕು ಅನ್ನಿಸಿದ್ರೆ ಅಗೋ, ದಾನದ ಡಬ್ಬಿ ಅಲ್ಲಿದೆ."

ಹೆಂಡತಿ ನಕ್ಕಳು. ನಾಲ್ಕು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಮಗಳು ಆಗಲೇ ವರಾಂಡದ ತುದಿಗೆ ಓಡಿದ್ದಳು, ಸೀಟಿಯ ಹೆಂಗಸು ಅವಳ ಕೈಯಲ್ಲಿದ್ದ ಬ್ಯಾಟ್ ತಿರುಗಿಸಿ ರಬ್ಬರ್ ಸವೆದದ್ದನ್ನು ನೋಡುತ್ತಿದ್ದಳು. ಚೆಂಡಿನ ಸದ್ದು ಶುರುವಾದಾಗ ಕಂಟ್ರಾಕ್ಟರನ ಕಣ್ಣು ಒದ್ದೆಯಾಯಿತು. ಗೋಡೆಯ ಧೂಳು ಎಂದು ಹೆಂಡತಿಗೆ ಹೇಳಿದ. ಅವಳು ನಂಬಿದಂತೆ ಮಾಡಿದಳು.

ಭಾನುವಾರ ಅಕೌಂಟೆಂಟ್ ಮೇಡಂ ಮನೆಯ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆರೆದರೆ ಕಂಟ್ರಾಕ್ಟರ್ ಉಜ್ಜುಕಾಗದ, ಎರಡು ಬ್ರಷ್ಷು, ಒಂದು ಡಬ್ಬ ಕಪ್ಪು ಎನಾಮೆಲ್ ಬಣ್ಣ ಹಿಡಿದು ನಿಂತಿದ್ದ. ಹಿಂದೆ ಮಗಳು ಹಳೇ ಪೇಪರಿನ ಕಟ್ಟು ಹೊತ್ತಿದ್ದಳು. ಬಣ್ಣ ಅವನ ಗೋದಾಮಿನಲ್ಲಿ ಉಳಿದಿದ್ದದ್ದು, ಮನೆಯ ಲೆಕ್ಕಕ್ಕೆ ಕೈ ಹಾಕಿರಲಿಲ್ಲ.

"ಗ್ರಿಲ್ಲು ಬಾಕಿ ಇತ್ತು ಮೇಡಂ," ಎಂದ ನೆಲ ನೋಡುತ್ತ.

ಮೇಡಂ ಅವನನ್ನೂ ಡಬ್ಬವನ್ನೂ ಒಂದು ಸಲ ನೋಡಿದರು. ದಾರಿ ಬಿಡಲಿಲ್ಲ.

"ಎಷ್ಟಾಗುತ್ತೆ?"

"ಏನಿಲ್ಲ ಮೇಡಂ."

"ಅದು ಈಗ ಹೇಳೋದು. ಕೊನೆಗೆ ಎಷ್ಟು?"

ಕಂಟ್ರಾಕ್ಟರ್ ಬಾಯಿ ತೆರೆದ. ತಾನು ಏನು ಹೇಳಿದರೂ ಈ ಹೆಂಗಸು ನಂಬುವ ದಾರಿಯೇ ಇಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ವರ್ಷ ಹೇಳಿದ ಮೊದಲ ಮೊತ್ತಗಳೆಲ್ಲ ಸಾಲಾಗಿ ನಿಂತು ಅವನ ಬಾಯಿ ಕಟ್ಟಿದ್ದವು. ಮಗಳೇ ಮುಂದೆ ಬಂದು ಪೇಪರಿನ ಕಟ್ಟನ್ನು ಕೆಳಗಿಟ್ಟಳು.

"ಕೊನೆಗೂ ಏನಿಲ್ಲ ಆಂಟಿ," ಎಂದಳು. "ನಾನು ಮುಗಿಯೋವರೆಗೂ ಇಲ್ಲೇ ಇರ್ತೀನಿ."

ಮೇಡಂ ಮಗುವನ್ನು ನೋಡಿದರು, ಆಮೇಲೆ ಬಾಗಿಲನ್ನು ಪೂರ್ತಿ ತೆರೆದರು.